ಎರೆ ಹೊಲದ ಬಿಳಿ ಗಂಟು: ಎಲುಬೋ, ಸುಣ್ಣವೋ?

ಮಳೆ ಬಿದ್ದು ಎರೆ ಹೊಲದ ಮೇಲ್ಮಣ್ಣು ತೊಳೆದುಹೋದಾಗ ಯಲಬುರ್ಗಾ, ಕುಷ್ಟಗಿ ಕಡೆ ಬಿಳಿ ಗಂಟುಗಳು ಎದ್ದು ಕಾಣುತ್ತವೆ. ಕೆಲವು ಮೊಟ್ಟೆಯಷ್ಟು ದುಂಡಗೆ, ಕೆಲವು ಬೆರಳಿನಷ್ಟು ಉದ್ದ. ನೋಡಿದವರು ಮೊಬೈಲಿನಲ್ಲಿ ಫೋಟೊ ತೆಗೆದು ‘ಇದು ಪಳೆಯುಳಿಕೆಯೇ?’ ಎಂದು ಕೇಳುತ್ತಾರೆ. ಭೂವಿಜ್ಞಾನ ಬಲ್ಲವರು ಉತ್ತರ ಹೇಳುವ ಮೊದಲು ಮರಳಿ ಕೇಳುವ ಪ್ರಶ್ನೆ ಒಂದೇ: ಸಿಕ್ಕಿದ್ದು ಎಲ್ಲಿ? ನೆಲ ಯಾವುದೆಂದು ತಿಳಿದರೆ ಅರ್ಧ ಉತ್ತರ ಸಿಕ್ಕಂತೆ.

ಕೊಪ್ಪಳ, ಗಂಗಾವತಿಯ ಬಂಡೆಗುಡ್ಡಗಳು ಗ್ರಾನೈಟ್ ಮತ್ತು ಅದರ ಬಳಗದ ಕಲ್ಲುಗಳು. ಭೂಮಿಯ ಆಳದಲ್ಲಿ ಕರಗಿದ್ದ ದ್ರವ ಸುಮಾರು 250 ಕೋಟಿ ವರ್ಷಗಳ ಹಿಂದೆ ತಣ್ಣಗಾಗಿ ಗಟ್ಟಿಯಾದದ್ದು ಇವು. ಚಿಪ್ಪು, ಗಟ್ಟಿ ಕವಚದ ಪ್ರಾಣಿಗಳು ಹೇರಳವಾಗಿ ಕಾಣಿಸಿಕೊಂಡದ್ದು ಸುಮಾರು 54 ಕೋಟಿ ವರ್ಷಗಳ ಈಚೆಗೆ. ಹಾಗಾಗಿ ಈ ಬಂಡೆಗಳೊಳಗೆ ಎಲುಬು, ಮೊಟ್ಟೆ, ಚಿಪ್ಪು ಇರಲು ಸಾಧ್ಯವೇ ಇಲ್ಲ. ಗುಡ್ಡದ ಬುಡದ ದುಂಡುಗಲ್ಲುಗಳು ಬಿರುಕುಬಿಟ್ಟ ಬಂಡೆಯ ಮೂಲೆಗಳು ಮೊದಲು ಸವೆದು ಉಳಿದ ತಿರುಳು. ಮಧ್ಯಪ್ರದೇಶದ ಧಾರ್ ಜಿಲ್ಲೆಯ ಪಾಡ್ಲ್ಯಾದಲ್ಲಿ ಜನ ಕುಲದೇವರೆಂದು ಪೂಜಿಸುತ್ತಿದ್ದ ದುಂಡುಗಲ್ಲುಗಳು ಡೈನೋಸಾರ್ ಮೊಟ್ಟೆಗಳೆಂಬ ಸುದ್ದಿ 2023ರಲ್ಲಿ ಬಂದಿತ್ತು. ಆ ಸೀಮೆಯಲ್ಲಿ ಡೈನೋಸಾರ್ ಕಾಲದ ಹೂಳು ಗಟ್ಟಿಯಾಗಿ ಆದ ಶಿಲೆಗಳಿವೆ, ಗಂಗಾವತಿಯಲ್ಲಿ ಇಲ್ಲ. ದುಂಡಗಿರುವುದೊಂದೇ ಸಾಕ್ಷಿಯಾಗದು.

ಬಂಡೆಯ ಬಿರುಕಿನಲ್ಲಿ ಕಾಣುವ ಕಪ್ಪು ‘ಎಲೆ’ಯೂ ಹೀಗೇ ಮೋಸಮಾಡುತ್ತದೆ. ಬಿರುಕಿಗೆ ಇಳಿದ ನೀರು ಮ್ಯಾಂಗನೀಸನ್ನು ಕವಲುಕವಲಾಗಿ ಬಿಟ್ಟುಹೋಗಿರುತ್ತದೆ. ಹತ್ತಿರದಿಂದ ತೆಗೆದ ಫೋಟೊ ದೊಡ್ಡದು ಮಾಡಿ ನೋಡಿ. ನಿಜವಾದ ಎಲೆಗೆ ನಡುನರ, ಅದರಿಂದ ಹೊರಟ ಕ್ರಮಬದ್ಧ ನರಗಳು, ಸ್ಪಷ್ಟ ಅಂಚು ಇರುತ್ತವೆ. ಮ್ಯಾಂಗನೀಸಿನ ಕವಲು ಬಿರುಕಿನ ಅಂಚಿನಿಂದ ಹೊರಟು ಮನಬಂದಂತೆ ಹರಡಿರುತ್ತದೆ. ಅದಕ್ಕೆ ನರವೂ ಇಲ್ಲ, ದಪ್ಪವೂ ಇಲ್ಲ.

ಹಾಗಾದರೆ ಈ ಭಾಗದಲ್ಲಿ ಪಳೆಯುಳಿಕೆ ಸಿಗುವ ಜಾಗವೇ ಇಲ್ಲವೇ? ಇದೆ. ಹಳೆಯ ಬಂಡೆಗಳ ಮೇಲೆ ಈಚೆಗೆ ಕೂತ ಹೊಳೆ-ಹಳ್ಳಗಳ ದಂಡೆಯ ಜೇಡಿ ಮತ್ತು ಗರಸು. ಉತ್ತರ ಕರ್ನಾಟಕವನ್ನು ಸುತ್ತಿ ಸಮೀಕ್ಷೆ ಮಾಡಿದ ರಾಬರ್ಟ್ ಬ್ರೂಸ್ ಫೂಟ್, ಗೋಕಾಕ ಸೀಮೆಯ ಇಂಥ ಜೇಡಿಯಲ್ಲಿ ಸಿಕ್ಕ ಘೇಂಡಾಮೃಗದ ಅವಶೇಷಗಳನ್ನು 1874ರಲ್ಲಿ ವಿವರಿಸಿದರು. ಆದ್ದರಿಂದ ಹಳ್ಳದ ದಂಡೆಯಿಂದ ಬಂದ ಫೋಟೊವನ್ನು ನಿಧಾನವಾಗಿ ನೋಡಲೇಬೇಕು.

ಬೆರಳುದ್ದದ ಬಿಳಿ ತುಂಡೊಂದು ಹಳ್ಳದ ದಂಡೆಯ ಎರೆಯಲ್ಲಿ ಸಿಕ್ಕಿದೆ ಎನ್ನಿ. ಹೊರಮೈ ಫೋಟೊ ನೋಡಿ ಏನೂ ಹೇಳಲಾಗದು. ಸುಣ್ಣದ ಗಂಟೂ ಎಲುಬೂ ಹೊರಗಿನಿಂದ ಒಂದೇ ರೀತಿ ಕಾಣಬಲ್ಲವು. ಮೊದಲೇ ಮುರಿದ ತುದಿಯ ಫೋಟೊ ಬೇಕು. ಅಲ್ಲಿ ಹೊರಗೆ ಗಟ್ಟಿ ಪದರ, ಒಳಗೆ ಜೇನುಗೂಡಿನ ಹಾಗೆ ಸಣ್ಣ ಸಣ್ಣ ಕೋಣೆಗಳು ಕಂಡರೆ ಅದು ಎಲುಬಿನ ಲಕ್ಷಣ. ಒಳಗೆಲ್ಲ ಸೀಮೆಸುಣ್ಣದಂಥ ಒಂದೇ ಪುಡಿ, ನಡುವೆ ಮಣ್ಣು-ಮರಳಿನ ಹರಳು ಸಿಕ್ಕಿಕೊಂಡಿದ್ದರೆ ಅದು ಎರೆಯಲ್ಲೇ ಹುಟ್ಟಿದ ಸುಣ್ಣದ ಗಂಟು. ಮಳೆನೀರು ಕರಗಿಸಿ ಒಯ್ದ ಸುಣ್ಣ ಬೇಸಿಗೆಯಲ್ಲಿ ನೀರು ಆರಿದಾಗ ಮಣ್ಣಿನಲ್ಲೇ ಗಟ್ಟಿಯಾಗುತ್ತದೆ. ನಟ್ಟನಡುವೆ ಒಂದು ತೂತು, ಸುತ್ತ ಉಂಗುರಗಳಿದ್ದರೆ, ಕೊಳೆತ ಬೇರಿನ ಸುತ್ತ ಕಟ್ಟಿದ ಸುಣ್ಣ. ಎಲುಬೆಂದು ಜನ ಹೆಚ್ಚಾಗಿ ಮೋಸಹೋಗುವುದು ಇದಕ್ಕೇ.

ನಿಂಬೆರಸ ಹಾಕಿ ನೊರೆ ಬಂದರೆ ಸುಣ್ಣ ಇದೆ ಎಂದಷ್ಟೇ ಗೊತ್ತಾಗುತ್ತದೆ. ಸುಣ್ಣದ ಗಂಟೂ ನೊರೆಯಾಡುತ್ತದೆ, ಚಿಪ್ಪೂ ನೊರೆಯಾಡುತ್ತದೆ, ಮಣ್ಣಿನ ಸುಣ್ಣ ಒಳಗಿಳಿದ ಹಳೆಯ ಎಲುಬೂ ನೊರೆಯಾಡಬಹುದು. ಇವನ್ನು ಬೇರ್ಪಡಿಸುವುದು ಒಳರಚನೆ ಮಾತ್ರ.

ಗಂಗಾವತಿಯ ಗದ್ದೆ, ಕಾಲುವೆಗಳ ಹೂಳಿನಲ್ಲಿ ಸಿಗುವ ಬಸವನಹುಳುವಿನ ಚಿಪ್ಪು ಬಹುಪಾಲು ಈಚಿನದು. ಅದು ತೆಳು, ಹಗುರ. ಹೊಳಪು ಅಥವಾ ಬಣ್ಣ ಇನ್ನೂ ಉಳಿದಿರುತ್ತದೆ. ಬಣ್ಣ ಹೋಗಿ ಬೆಳ್ಳಗಾದ ಮಾತ್ರಕ್ಕೆ ಅದು ಹಳೆಯದಾಗದು, ಬಿಸಿಲೇ ಅಷ್ಟು ಮಾಡುತ್ತದೆ. ಒಳಗೆ ಮಣ್ಣು ಕಲ್ಲಾಗಿ ತುಂಬಿ, ಚಿಪ್ಪು ಗಟ್ಟಿಯಾದ ಪದರದೊಳಗೇ ಹುದುಗಿದ್ದರೆ ಮಾತ್ರ ಅದರ ವಯಸ್ಸು ಕೇಳಬೇಕಾಗುತ್ತದೆ.

ಫೋಟೊಗೂ ಮಿತಿ ಇದೆ. ಅದು ‘ಇದು ಎಲುಬಲ್ಲ’ ಎಂದು ಖಚಿತವಾಗಿ ಹೇಳಬಲ್ಲದು. ‘ಇದು ಹಳೆಯ ಎಲುಬು’ ಎಂದು ಸಾಬೀತುಮಾಡಲಾರದು. ನಿನ್ನೆ ಮೊನ್ನೆ ಹೂತ ದನದ ಎಲುಬಿನಲ್ಲೂ ಅವೇ ಕೋಣೆಗಳಿರುತ್ತವೆ. ಎಷ್ಟು ಆಳದಲ್ಲಿ, ಯಾವ ಪದರದಲ್ಲಿ ಸಿಕ್ಕಿತು ಎಂಬುದೇ ಅಲ್ಲಿ ನಿರ್ಣಾಯಕ. ಕಿತ್ತು ತೊಳೆದು ಮನೆಗೆ ತಂದರೆ ಆ ಮಾಹಿತಿ ಶಾಶ್ವತವಾಗಿ ಹೋಗುತ್ತದೆ.

ಹಾಗಾಗಿ ಓದುಗರಲ್ಲಿ ವಿನಂತಿ: ಅನುಮಾನದ ತುಂಡು ಕಂಡರೆ ಅಲ್ಲಿಯೇ ಬಿಡಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಮೂರು ಫೋಟೊ ತೆಗೆಯಿರಿ: ತುಂಡಿನದೊಂದು, ಮುರಿದ ತುದಿಯದೊಂದು, ದಂಡೆಯ ಪದರಗಳೆಲ್ಲ ಕಾಣುವಂತೆ ದೂರದಿಂದೊಂದು. ಊರು ಮತ್ತು ಹಳ್ಳದ ಹೆಸರು ಬರೆದು ಹತ್ತಿರದ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೆ ತಲುಪಿಸಿ.