ವಿಮರ್ಶೆ ಬರುವ ಮೊದಲೇ ಮುಂಗಡ

ಮುಂಬಯಿಯ ಗ್ರಾಂಟ್ ರೋಡ್ ಬಳಿಯ ಲ್ಯಾಮಿಂಗ್ಟನ್ ರೋಡಿನಲ್ಲಿ, ಕಂಪ್ಯೂಟರ್ ಬಿಡಿಭಾಗಗಳ ನಡುವೆ ವಿಡಿಯೊ ಗೇಮ್ ಡಿಸ್ಕ್‌ಗಳೂ ಸಿಗುತ್ತವೆ. ದೊಡ್ಡ ಗೇಮ್ ಬರುವುದಿದ್ದರೆ ಮೊದಲೇ ಹೆಸರು ಬರೆಸಿ ಮುಂಗಡ ಕೊಡುವ ರೂಢಿಗೆ ಇಂಥ ಅಂಗಡಿಗಳಲ್ಲಿ ಅರ್ಥವಿತ್ತು. ಎಷ್ಟು ಡಿಸ್ಕ್ ತರಿಸಬೇಕೆಂಬ ಅಂದಾಜು ಅಂಗಡಿಯವರಿಗೆ ಸಿಗುತ್ತಿತ್ತು, ಬಿಡುಗಡೆಯ ದಿನ ಬರಿಗೈಲಿ ಮರಳುವ ಭಯ ಗಿರಾಕಿಗೆ ಇರುತ್ತಿರಲಿಲ್ಲ. ಆದರೆ ಆನ್‌ಲೈನ್ ಸ್ಟೋರಿನಿಂದ ಇಳಿಸಿಕೊಳ್ಳುವ ಗೇಮಿಗೆ ದಾಸ್ತಾನು ಮುಗಿಯುವ ಪ್ರಶ್ನೆಯೇ ಇಲ್ಲ. ಅಲ್ಲಿ ಪ್ರೀಆರ್ಡರ್ ಮಾಡಿಸುವುದು ಹೆಚ್ಚಾಗಿ ‘ಬೋನಸ್’.

ಬೋನಸ್ ಎಂದರೆ ಬಹುತೇಕ ಒಂದು ಉಡುಪು, ಒಂದು ಆಯುಧ, ಇಲ್ಲವೇ ಎರಡು ದಿನ ಮುಂಚಿತ ಪ್ರವೇಶ. 2022ರ ಫೆಬ್ರುವರಿ 25ರಂದು ಬಂದ ‘ಎಲ್ಡನ್ ರಿಂಗ್’ ಮುಂಗಡ ಕೊಟ್ಟವರಿಗೆ ಪಾತ್ರ ಮಾಡುವ ಒಂದು ಭಂಗಿಯನ್ನು ಕೊಟ್ಟಿತು. ಅದೇ ಭಂಗಿ ಆಟದೊಳಗೆ ಮುಂದೆ ಎಲ್ಲರಿಗೂ ಸಿಗುತ್ತಿತ್ತು. ಅಂದರೆ ಅವಸರಪಟ್ಟವರು ಪಡೆದದ್ದು ಸ್ವಲ್ಪ ಮುಂಚೆ ಪಡೆಯುವ ಅವಕಾಶ ಮಾತ್ರ.

ಬೋನಸ್ ಕೈಸೇರುವ ದಾರಿಯಲ್ಲೂ ತೊಡಕುಗಳಿವೆ. ಆನ್‌ಲೈನ್‌ನಲ್ಲಿ ಕೊಂಡರೆ ಬೋನಸ್ ತಾನಾಗಿ ಖಾತೆಗೆ ಸೇರುತ್ತದೆ. ಡಿಸ್ಕ್ ಕೊಂಡರೆ ಪೆಟ್ಟಿಗೆಯೊಳಗಿನ ಚೀಟಿಯಲ್ಲೋ ಅಂಗಡಿಯವರು ಕಳಿಸುವ ಇಮೇಲ್‌ನಲ್ಲೋ ಒಂದು ಕೋಡ್ ಬರುತ್ತದೆ. ಪ್ಲೇಸ್ಟೇಷನ್‌ನಲ್ಲಿ ಅದು 12 ಅಕ್ಷರಗಳದ್ದು. ಒಮ್ಮೆ ಒಂದು ಖಾತೆಗೆ ಹಾಕಿದರೆ ಮುಗಿಯಿತು. ಅದೇ ಡಿಸ್ಕನ್ನು ಮರುಮಾರಾಟದಲ್ಲಿ ಕೊಳ್ಳುವವರ ಪಾಲಿಗೆ ಅದು ಬರೀ ಕಾಗದ. ಇನ್ನೊಂದು ಗೊಂದಲ ದೇಶದ್ದು. ಅಮೆರಿಕದಿಂದ ತರಿಸಿದ ಡಿಸ್ಕ್ ಇಲ್ಲಿನ ಪ್ಲೇಸ್ಟೇಷನ್‌ನಲ್ಲಿ ಓಡುತ್ತದೆ, ಆದರೆ ಅದರೊಂದಿಗೆ ಬಂದ ಕೋಡನ್ನು ಭಾರತದ ಖಾತೆ ಒಪ್ಪುವುದಿಲ್ಲ. ಪೆಟ್ಟಿಗೆಯ ಮುಖಪುಟದ ವಯೋಮಿತಿ ಗುರುತನ್ನು ನೋಡಿದರೆ ಸುಳಿವು ಸಿಗುತ್ತದೆ: ESRB ಎಂದಿದ್ದರೆ ಅಮೆರಿಕದ ಸರಕು, PEGI ಎಂದಿದ್ದರೆ ಯುರೋಪಿನದು.

ಇಷ್ಟು ಸಣ್ಣ ಕೊಡುಗೆಗಾಗಿ ವಿಮರ್ಶೆಗೂ ಕಾಯದೆ ದುಡ್ಡು ಕೊಟ್ಟರೆ ಏನಾಗಬಹುದು ಎನ್ನುವುದಕ್ಕೆ ‘ಸೈಬರ್‌ಪಂಕ್ 2077’ ಕಣ್ಣೆದುರಿಗಿದೆ. 2020ರ ಡಿಸೆಂಬರ್ 10ರಂದು ಬಿಡುಗಡೆಯಾಗುವ ಹೊತ್ತಿಗೆ ಜಗತ್ತಿನಾದ್ಯಂತ 80 ಲಕ್ಷ ಪ್ರೀಆರ್ಡರ್‌ಗಳಾಗಿದ್ದವು. ಮೂರು ದಿನ ಮೊದಲು, 7ರಂದು, ವಿಮರ್ಶೆಗಳು ಬಂದವು, ಹೊಗಳಿಕೆಯೇ ಹೆಚ್ಚಿತ್ತು. ಆದರೆ ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಕಂಪನಿ ವಿಮರ್ಶಕರಿಗೆ ಕೊಟ್ಟದ್ದು ಪಿಸಿ ಆವೃತ್ತಿಯನ್ನು ಮಾತ್ರ. ಅವರು ತಾವೇ ಚಿತ್ರೀಕರಿಸಿದ ದೃಶ್ಯಗಳನ್ನು ತೋರಿಸುವುದಕ್ಕೂ ಅನುಮತಿ ಇರಲಿಲ್ಲ. ಹೀಗಾಗಿ ಡೊಂಬಿವಲಿಯಲ್ಲೋ ಮೀರಾ ರೋಡಿನಲ್ಲೋ 2013ರ ಮಾದರಿಯ ಪಿಎಸ್4 ಇಟ್ಟುಕೊಂಡವರು ಅಂದು ಎಲ್ಲ ವಿಮರ್ಶೆಗಳನ್ನು ಓದಿದ್ದರೂ ತಮ್ಮ ಯಂತ್ರದಲ್ಲಿ ಆಟ ಹೇಗಿರುತ್ತದೆಂದು ತಿಳಿಯುವಂತಿರಲಿಲ್ಲ.

ಆ ಯಂತ್ರದಲ್ಲಿ ಅದು ತಡವರಿಸಿತು, ಚಿತ್ರ ಮಸುಕಾಯಿತು, ಪದೇಪದೇ ನಿಂತುಹೋಯಿತು. ಡಿಸೆಂಬರ್ 14ರಂದು ಕಂಪನಿ ಕ್ಷಮೆ ಕೇಳಿ, ಬೇಡವಾದವರು ಹಣ ಹಿಂದೆ ಕೇಳಬಹುದೆಂದಿತು. 17ರಂದು ಸೋನಿ, ಗೇಮನ್ನು ತನ್ನ ಸ್ಟೋರಿನಿಂದಲೇ ತೆಗೆಯುವುದಾಗಿಯೂ ಅಲ್ಲಿ ಕೊಂಡವರಿಗೆ ಪೂರ್ತಿ ಹಣ ಮರಳಿಸುವುದಾಗಿಯೂ ಪ್ರಕಟಿಸಿತು. ಅದು ಮತ್ತೆ ಅಲ್ಲಿಗೆ ಬಂದದ್ದು 2021ರ ಜೂನ್ 21ಕ್ಕೆ. ವಿಮರ್ಶಕರು ಸುಳ್ಳು ಹೇಳಿದ್ದರೆಂದಲ್ಲ, ಅವರ ಕೈಗೆ ಬಂದದ್ದೇ ಬೇರೆ. ಗ್ರಾಹಕರಿಗೆ ಆದ ನಿಜವಾದ ಅನ್ಯಾಯ ಇದೇ.

ಆದ್ದರಿಂದ ವಿಮರ್ಶೆ ಬಂದಿದೆಯೇ ಎಂಬುದರ ಜೊತೆಗೆ ಅದು ಯಾವ ಯಂತ್ರದ ಮೇಲೆ ಆಡಿ ಬರೆದದ್ದು ಎಂದೂ ನೋಡಬೇಕು. ಬಿಡುಗಡೆಗೆ ಮುನ್ನ ಕಂಪನಿ ತೋರಿಸುವ ದೃಶ್ಯಗಳೆಲ್ಲ ದುಬಾರಿ ಪಿಸಿಯದ್ದೇ ಆಗಿದ್ದರೆ ಹಳೆಯ ಕನ್ಸೋಲ್‌ನವರು ಕೈ ಬಿಗಿಹಿಡಿಯುವುದೇ ಸರಿ.

ಹಾಗೂ ಮುಂಗಡ ಕೊಡಲೇಬೇಕೆಂದರೆ ಹಿಂದೆ ಪಡೆಯುವ ದಾರಿ ಎಲ್ಲಿ ಸಲೀಸೋ ಅಲ್ಲಿ ಕೊಡಬಹುದು. ಸ್ಟೀಮ್‌ನಲ್ಲಿ ಬಿಡುಗಡೆಯವರೆಗೆ ಯಾವಾಗ ಬೇಕಾದರೂ ಹಣ ಹಿಂದೆ ಕೇಳಬಹುದು. ಬಿಡುಗಡೆಯ ನಂತರವೂ 14 ದಿನದೊಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆಯಿದ್ದರೆ ಅವಕಾಶವಿದೆ. 2024ರ ಏಪ್ರಿಲ್‌ನಿಂದ ಮುಂಚಿತ ಪ್ರವೇಶದಲ್ಲಿ ಆಡಿದ ಹೊತ್ತೂ ಆ ಎರಡು ಗಂಟೆಗೆ ಸೇರುತ್ತದೆ. ಪ್ಲೇಸ್ಟೇಷನ್ ಸ್ಟೋರ್ ಬಿಗಿ: ಗೇಮ್ ಇಳಿಸಿಕೊಳ್ಳಲು ಶುರುಮಾಡಿದರೆ ಹಣ ಮರಳುವ ದಾರಿ ಸಾಮಾನ್ಯವಾಗಿ ಮುಚ್ಚುತ್ತದೆ. ಮುಂಗಡ ಕೊಟ್ಟ ಗೇಮನ್ನು ಯಂತ್ರ ತಾನಾಗಿಯೇ ಮೊದಲೇ ಇಳಿಸಿಕೊಳ್ಳುವುದರಿಂದ ಆ ಆಟೋ ಡೌನ್‌ಲೋಡನ್ನು ಆಫ್ ಮಾಡಿಡಬೇಕು. ವಿಮರ್ಶೆಗೆ ಕಾದರೂ ಬೋನಸ್ ತಪ್ಪಬೇಕೆಂದಿಲ್ಲ: ‘ಎಲ್ಡನ್ ರಿಂಗ್’ನ ವಿಮರ್ಶೆಗಳು ಬಿಡುಗಡೆಗೆ ಎರಡು ದಿನ ಮೊದಲು, ಫೆಬ್ರುವರಿ 23ರಂದು ಬಂದಿದ್ದವು. ಅವನ್ನು ಓದಿ 24ರ ಸಂಜೆ ಪ್ರೀಆರ್ಡರ್ ಮಾಡಿದವರಿಗೂ ಆ ಭಂಗಿ ಸಿಕ್ಕಿತು.