ಬಾಗಿಲ ರಬ್ಬರಿನ ಮಡಿಕೆಯಲ್ಲಿ ಸಿಕ್ಕಿಕೊಂಡದ್ದು

ಫ್ರಂಟ್ ಲೋಡ್ ವಾಷಿಂಗ್ ಮೆಷಿನ್ನಿನ ಮುಂದೆ ನೀರು ನಿಂತಿದ್ದರೆ ಮೊದಲು ನೋಡಬೇಕಾದದ್ದು ಬಾಗಿಲ ಸುತ್ತ ಇರುವ ದಪ್ಪ ರಬ್ಬರನ್ನು. ಅದೇ ಗ್ಯಾಸ್ಕೆಟ್. ಬಟ್ಟೆ ತಿರುಗುವ ತೂತುತೂತಿನ ಡ್ರಮ್ಮು ಒಳಗಿರುತ್ತದೆ, ನೀರನ್ನು ಹಿಡಿದಿಡುವುದು ಅದರ ಹೊರಗಿನ ಟಬ್ಬು. ಟಬ್ಬು ಸ್ಪ್ರಿಂಗುಗಳಿಗೆ ತೂಗಿಬಿದ್ದು ಅಲುಗಾಡುತ್ತದೆ, ಮೆಷಿನ್ನಿನ ಮುಂಭಾಗದ ತಗಡು ಅಲುಗಾಡುವುದಿಲ್ಲ. ಎರಡನ್ನೂ ಜೋಡಿಸುವ ಈ ರಬ್ಬರಿಗೆ ಹಾರ್ಮೋನಿಯಮ್ಮಿನ ತಿದಿಯಂತೆ ಮಡಿಕೆಗಳಿರುವುದು ಅದಕ್ಕೇ.

ಕಸ ಸೇರುವುದೂ ಆ ಮಡಿಕೆಗೇ.

ಒಂದು ಉದ್ದ ಕೂದಲು ಏನು ಮಾಡೀತು ಅನ್ನಿಸಬಹುದು. ರಬ್ಬರಿನ ಅಂಚು ಬಾಗಿಲ ಗಾಜಿಗೆ ಒತ್ತಿ ಕೂರುವ ಕಡೆ ಕೂದಲು ಅಡ್ಡ ಬಿದ್ದರೆ, ಅದರ ಎರಡೂ ಪಕ್ಕ ಸಣ್ಣ ಸಂದು ಉಳಿಯುತ್ತದೆ. ಒಳಗೆ ಚಿಮ್ಮುವ ನೀರು ಆ ಸಂದಿನಲ್ಲಿ ಜಿನುಗಿ, ಗಾಜಿನ ಕೆಳಭಾಗದಿಂದ ಹನಿಹನಿಯಾಗಿ ಇಳಿಯುತ್ತದೆ. ಇಂಥ ಸೋರಿಕೆಗೆ ಖರ್ಚೇ ಇಲ್ಲ: ರಬ್ಬರನ್ನೂ ಗಾಜನ್ನೂ ಒದ್ದೆ ಬಟ್ಟೆಯಿಂದ ಒರೆಸಿದರೆ ನಿಲ್ಲುತ್ತದೆ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಗಾಜಿನ ಮೇಲೆ ಕೂರುವ ಬಿಳಿ ಉಪ್ಪುಗರೆಯೂ ಇದೇ ತೊಂದರೆ ಕೊಡುತ್ತದೆ.

ನಾಣ್ಯದ ಕಥೆ ಬೇರೆ. ಪ್ಯಾಂಟಿನ ಜೇಬಿನಿಂದ ಜಾರಿದ ಎರಡು ರೂಪಾಯಿಯ ನಾಣ್ಯ ಮಡಿಕೆಯ ತಳಕ್ಕೆ ಬಿತ್ತು ಎಂದುಕೊಳ್ಳಿ. ಅಲ್ಲಿ ನೀರು ಬಸಿಯಲೆಂದೇ ಇರುವ ಸಣ್ಣ ತೂತುಗಳನ್ನು ಅದು ಮುಚ್ಚಬಹುದು. ಆಗ ಪ್ರತಿ ಸಲ ಬಟ್ಟೆ ಒಗೆದ ಮೇಲೂ ಮಡಿಕೆಯಲ್ಲಿ ಬಗ್ಗಡ ನೀರು ನಿಂತು, ಕರಿ ಬೂಷ್ಟು ಹಿಡಿಯುತ್ತದೆ. ಇನ್ನೂ ಕೆಟ್ಟದ್ದೆಂದರೆ ಅದರ ಅಂಚು ಡ್ರಮ್ಮಿನ ಬಾಯಿಗೂ ರಬ್ಬರಿಗೂ ನಡುವೆ ಸಿಕ್ಕಿಕೊಳ್ಳುವುದು. ನಿಮಿಷಕ್ಕೆ ಸಾವಿರ ಸುತ್ತಿನ ಸ್ಪಿನ್ನಿನಲ್ಲಿ ಆ ಅಂಚು ರಬ್ಬರನ್ನು ಉಜ್ಜಿ ಉಜ್ಜಿ ಸೀಳುತ್ತದೆ. ಹೇರ್‌ಪಿನ್ ಆದರೆ ನೇರವಾಗಿ ಚುಚ್ಚುತ್ತದೆ. ಸ್ಪಿನ್ ಆಗುವಾಗ ಕರಕರ ಸದ್ದು ಕೇಳಿದರೆ ಮೆಷಿನ್ ನಿಲ್ಲಿಸಿ ಮಡಿಕೆ ತಡವಿ ನೋಡುವುದು ಒಳ್ಳೆಯದು.

ಹುಡುಕುವಾಗ ಪ್ಲಗ್ ತೆಗೆದಿರಬೇಕು. ರಬ್ಬರಿನ ಅಂಚನ್ನು ಮುಂದಕ್ಕೆಳೆದು, ಟಾರ್ಚ್ ಬೆಳಕಿನಲ್ಲಿ ಒಳಮಡಿಕೆಯನ್ನು ಸುತ್ತಲೂ ಬಿಡಿಸಿ ನೋಡಬೇಕು. ಸೀಳು ಮಡಿಕೆಯೊಳಗೆ ಮುಚ್ಚಿಕೊಂಡಿರುವುದರಿಂದ ಮೇಲುನೋಟಕ್ಕೆ ಕಾಣುವುದಿಲ್ಲ, ಎಳೆದಾಗಲೇ ಬಾಯಿ ಬಿಡುತ್ತದೆ. ರಬ್ಬರ್ ಸರಿಯಿದ್ದರೆ, ಮೆಷಿನ್ನಿನ ಕೆಳಗೆ ಹಳೇ ಪೇಪರ್ ಹಾಸಿ ಮೊದಲು ಒದ್ದೆಯಾಗುವ ಜಾಗ ಗುರುತಿಸಬೇಕು. ಸೋಪಿನ ಡ್ರಾಯರ್ ಇರುವ ಮೂಲೆಯಲ್ಲಿ ಒದ್ದೆಯಾದರೆ ಅನುಮಾನ ಡ್ರಾಯರಿನ ಮೇಲೆ, ಹಿಂದೆ ಒದ್ದೆಯಾದರೆ ನೀರಿನ ಪೈಪಿನ ಮೇಲೆ.

ಹರಿದ ರಬ್ಬರಿಗೆ ಫೆವಿಕ್ವಿಕ್ ಹಚ್ಚುವವರಿದ್ದಾರೆ. ಅಂಟು ಒಣಗಿ ಗಡುಸಾಗುತ್ತದೆ, ರಬ್ಬರ್ ಮಾತ್ರ ಬಳುಕುತ್ತಲೇ ಇರುತ್ತದೆ; ಹಾಗಾಗಿ ತೇಪೆ ಬೇಗ ಬಿರಿಯುತ್ತದೆ. ಹೊಸ ಗ್ಯಾಸ್ಕೆಟ್ಟೇ ಸರಿಯಾದ ದಾರಿ, ಅದೂ ಮಾಡೆಲ್ ನಂಬರಿಗೆ ಹೊಂದುವಂಥದ್ದು. ಕೂರಿಸುವಾಗ ರಬ್ಬರಿನ ಮೇಲಿನ ಗುರುತು ಟಬ್ಬಿನ ಗುರುತಿಗೆ ಸೇರಬೇಕು, ಬಸಿಯುವ ತೂತುಗಳು ಕೆಳಗೇ ಬರಬೇಕು. ಮೆಕ್ಯಾನಿಕ್ ಕ್ಲ್ಯಾಂಪ್ ಬಿಗಿದ ಮೇಲೆ, ಬಟ್ಟೆ ಹಾಕದೆ ಒಂದು ಸಲ ರಿನ್ಸ್ ಓಡಿಸಿ, ಬಾಗಿಲ ಕೆಳಗೆ ಒಣಗಿದೆಯೇ ಎಂದು ಅವರ ಎದುರೇ ನೋಡಿಬಿಡಬೇಕು.