ಯಾವುದು ಚೆಂದ ಎಂದು ಕೇಳಬೇಡಿ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಆ್ಯನ್ ಆರ್ಬರ್ ಊರಿನ ಹೊರಗಿನ ಒಂದು ರಿಯಾಯಿತಿ ದರದ ಅಂಗಡಿಯಲ್ಲಿ ರಿಚರ್ಡ್ ನಿಸ್ಬೆಟ್ ಮತ್ತು ತಿಮೊಥಿ ವಿಲ್ಸನ್ ಎಂಬ ಮನಶ್ಶಾಸ್ತ್ರಜ್ಞರು ನಾಲ್ಕು ಜೊತೆ ನೈಲಾನ್ ಕಾಲುಚೀಲಗಳನ್ನು ಸಾಲಾಗಿ ಇಟ್ಟರು. ಬಂದವರನ್ನೆಲ್ಲ ‘ಇವುಗಳಲ್ಲಿ ಯಾವುದು ಒಳ್ಳೆಯ ಮಾಲು?’ ಎಂದು ಕೇಳಿದರು. ಎಡತುದಿಯ ಜೊತೆಯನ್ನು ಆರಿಸಿದವರು ಶೇ 12 ಮಂದಿ, ಬಲತುದಿಯದನ್ನು ಆರಿಸಿದವರು ಶೇ 40 ಮಂದಿ. ಯಾಕೆ ಅದೇ ಎಂದರೆ ನೇಯ್ಗೆ ಚೆನ್ನಾಗಿದೆ, ಬಟ್ಟೆ ತೆಳುವಾಗಿದೆ ಎಂಬ ಉತ್ತರಗಳು ಬಂದವು. ಅಸಲಿಗೆ ನಾಲ್ಕೂ ಒಂದೇ ಮಾಲು. ಇಟ್ಟ ಜಾಗ ನಿಮ್ಮ ಆಯ್ಕೆಯ ಮೇಲೆ ಪರಿಣಾಮ ಬೀರಿರಬಹುದೇ ಎಂದು ಕೇಳಿದಾಗ ಹೆಚ್ಚುಕಡಿಮೆ ಎಲ್ಲರೂ ಇಲ್ಲ ಎಂದೇ ಹೇಳಿದರು. 1977ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಸುಳ್ಳು ಹೇಳಿದವರು ಯಾರೂ ಇರಲಿಲ್ಲ. ತಮ್ಮನ್ನು ಎಳೆದದ್ದು ಏನು ಎಂಬುದು ಅವರಿಗೇ ತಿಳಿದಿರಲಿಲ್ಲ, ಅಷ್ಟೆ.

ಹೊಸದಾಗಿ ವ್ಯಾಪಾರ ಶುರುಮಾಡುವವರು ಮೂರು ಹೆಸರು, ಮೂರು ಲೋಗೋ ಹಿಡಿದುಕೊಂಡು ‘ಇದರಲ್ಲಿ ಯಾವುದು ಚೆನ್ನಾಗಿದೆ ಹೇಳಿ’ ಎಂದು ಹತ್ತು ಜನರನ್ನು ಕೇಳುವಾಗ ಇದೇ ಆಗುತ್ತದೆ. ಕೇಳುವವರ ಮುಖ, ಕಾಗದದ ಮೇಲಿನ ಜಾಗ, ಪಕ್ಕದಲ್ಲಿ ಕೂತವರ ಮಾತು, ಎಲ್ಲವೂ ಉತ್ತರದೊಳಗೆ ಸೇರಿಕೊಳ್ಳುತ್ತವೆ. ನಮ್ಮಲ್ಲಿ ಇನ್ನೊಂದು ದಾಕ್ಷಿಣ್ಯವೂ ಇದೆ. ಮನೆಗೆ ಬಂದು ಕೇಳಿದವರಿಗೆ ‘ಎಲ್ಲಾ ಚೆನ್ನಾಗೇ ಇದೆ’ ಎನ್ನದೆ ಬೇರೆ ಏನು ಹೇಳುವುದು?

ಒಂದು ಕಲ್ಪಿತ ಉದಾಹರಣೆಯನ್ನೇ ಕೊನೆಯವರೆಗೂ ನೋಡೋಣ. ಧಾರವಾಡದ ಕಡೆಯ ಕೆಲವು ಮಹಿಳೆಯರು ಸೇರಿ ಶೇಂಗಾ ಚಟ್ನಿ ಪುಡಿ, ಅಗಸಿ ಚಟ್ನಿ ಪುಡಿ ಮಾಡುತ್ತಾರೆ. ಇಷ್ಟು ದಿನ ಪರಿಚಯದವರಿಗೆ ಮಾರುತ್ತಿದ್ದದ್ದನ್ನು ಈಗ ಪ್ಯಾಕೆಟ್ ಮಾಡಿ ಹುಬ್ಬಳ್ಳಿ ಮತ್ತು ಬೆಂಗಳೂರಿನ ಅಂಗಡಿಗಳಿಗೆ ಕೊಡಬೇಕೆಂದಿದ್ದಾರೆ. ಅವರ ಮುಂದೆ ಮೂರು ಹೆಸರುಗಳಿವೆ: ‘ಒರಳು’, ‘ಅವ್ವನ ಕೈರುಚಿ’, ‘ಬಿಳಿಜೋಳ’. ಯಾರನ್ನೂ ಕೇಳುವ ಮೊದಲೇ ಮಾಡಬೇಕಾದ ಕೆಲಸವೊಂದಿದೆ. ಟ್ರೇಡ್‌ಮಾರ್ಕ್ ಕಚೇರಿಯ ಜಾಲತಾಣದಲ್ಲಿ, ಮಸಾಲೆ ಪದಾರ್ಥಗಳು ಬರುವ 30ನೇ ವರ್ಗದಲ್ಲಿ ಈ ಹೆಸರುಗಳು ಆಗಲೇ ಯಾರದ್ದಾದರೂ ಆಗಿವೆಯೇ ಎಂದು ಹುಡುಕಿ ನೋಡುವುದು. ಸಿಗಲಾರದ ಹೆಸರನ್ನು ಗ್ರಾಹಕರು ಮೆಚ್ಚಿಕೊಂಡರೆ ಕಷ್ಟ ನಿಮಗೇ.

ಆಮೇಲೆ ಜನರನ್ನು ಆರಿಸಬೇಕು. ನೆಂಟರು ಬೇಡ, ವಿನ್ಯಾಸದ ಕೆಲಸ ಮಾಡುವವರೂ ಬೇಡ. ಹೋದ ತಿಂಗಳು ಅಂಗಡಿಯಿಂದ ಚಟ್ನಿ ಪುಡಿ ಕೊಂಡವರು 12 ಮಂದಿ ಸಾಕು. ಇವರಲ್ಲಿ ಅರ್ಧ ಜನ ಹುಬ್ಬಳ್ಳಿ-ಧಾರವಾಡದವರು, ಅರ್ಧ ಜನ ಬೆಂಗಳೂರಿನವರು. ಈ 12 ಎಂಬ ಸಂಖ್ಯೆಗೆ ಒಂದು ಅನುಕೂಲವಿದೆ. ಮೂರು ಹೆಸರುಗಳನ್ನು ಒಂದಾದ ಮೇಲೊಂದು ತೋರಿಸುವ ಕ್ರಮಗಳು ಒಟ್ಟು ಆರು. ಪ್ರತಿ ಕ್ರಮದಲ್ಲೂ ಇಬ್ಬರಿಗೆ ತೋರಿಸಿದರೆ ಪ್ರತಿ ಹೆಸರೂ ನಾಲ್ವರಿಗೆ ಮೊದಲು, ನಾಲ್ವರಿಗೆ ನಡುವೆ, ನಾಲ್ವರಿಗೆ ಕೊನೆಗೆ ಬರುತ್ತದೆ. ಕಾಲುಚೀಲದ ಬಲತುದಿಯ ಲಾಭ ಯಾವುದೋ ಒಂದು ಹೆಸರಿಗೇ ಸಿಗುವುದು ಇದರಿಂದ ತಪ್ಪುತ್ತದೆ.

ಮೂರೂ ಹೆಸರು ಒಂದೇ ಅಳತೆಯ ಬಿಳಿ ಕಾರ್ಡಿನ ಮೇಲೆ, ಒಂದೇ ಅಕ್ಷರಶೈಲಿಯಲ್ಲಿ, ಕಪ್ಪು ಶಾಯಿಯಲ್ಲಿ ಇರಬೇಕು. ಚಿತ್ರ ಬೇಡ, ಬಣ್ಣ ಬೇಡ. ಹೆಸರಿನ ಪರೀಕ್ಷೆಗೆ ಲೋಗೋ ಬೆರೆಸಿದರೆ, ಜನ ಮೆಚ್ಚಿದ್ದು ಹೆಸರನ್ನೋ ಕೆಂಪು ಮೆಣಸಿನಕಾಯಿಯ ಚಿತ್ರವನ್ನೋ ಎಂದು ಆಮೇಲೆ ಬಿಡಿಸಲು ಆಗುವುದಿಲ್ಲ. ಕಾರ್ಡಿನ ಹಿಂದೆ ಗುರುತಿಗೆ 1, 2, 3 ಎಂದೂ ಬರೆಯಬೇಡಿ. ಒಂದು ಎಂದರೆ ಮೊದಲ ಸ್ಥಾನ ಎಂಬ ಭಾವನೆ ತಾನಾಗಿ ಬಂದುಬಿಡುತ್ತದೆ. ತಿಂಡಿ-ಪಾನೀಯಗಳ ರುಚಿ ಪರೀಕ್ಷೆ ಮಾಡುವವರು ಇದೇ ಕಾರಣಕ್ಕೆ 472, 815 ಎಂಬಂತಹ ಅರ್ಥವಿಲ್ಲದ ಮೂರಂಕಿಯ ಸಂಖ್ಯೆಗಳನ್ನು ಬಳಸುತ್ತಾರೆ.

ಕೇಳುವವರು ಯಾರು ಎಂಬುದಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ತೂಕ ಕೊಡುತ್ತೇನೆ. ಹೆಸರು ಹುಡುಕಿದವರು ಖಂಡಿತ ಕೇಳಬಾರದು. ಅವರಿಗೆ ಪ್ರಿಯವಾದ ಕಾರ್ಡ್ ಬಂದಾಗ ದನಿ ಬದಲಾಗುತ್ತದೆ, ಕಾರ್ಡ್ ಹಿಡಿದ ಕೈ ಎರಡು ಕ್ಷಣ ಹೆಚ್ಚು ನಿಲ್ಲುತ್ತದೆ. ಸಂಘದ ಯಾರಿಗೆ ಯಾವ ಹೆಸರು ಇಷ್ಟ ಎಂದು ಗೊತ್ತೇ ಇಲ್ಲದ ಒಬ್ಬರನ್ನು, ಪರಿಚಯದ ಕಾಲೇಜು ವಿದ್ಯಾರ್ಥಿನಿಯನ್ನಾದರೂ ಸರಿ, ಕಳಿಸಿ. ಒಂದು ಸಲಕ್ಕೆ ಒಬ್ಬರನ್ನೇ ಮಾತನಾಡಿಸಬೇಕು. ಹನ್ನೆರಡು ಜನರನ್ನು ಒಂದೇ ಕೋಣೆಯಲ್ಲಿ ಕೂರಿಸಿದರೆ ಮೊದಲು ಬಾಯಿಬಿಟ್ಟವರ ಅಭಿಪ್ರಾಯವನ್ನೇ ಉಳಿದವರು ಸ್ವಲ್ಪ ತಿದ್ದಿ ಹೇಳುತ್ತಾರೆ. ಅಳೆದು ನೋಡಬಹುದಾದ ಗೆರೆಗಳ ಉದ್ದದ ವಿಷಯದಲ್ಲೇ ಜನ ಗುಂಪಿನ ತಪ್ಪು ಉತ್ತರಕ್ಕೆ ತಲೆಯಾಡಿಸುತ್ತಾರೆ ಎಂದು ಸಾಲೊಮನ್ ಆ್ಯಶ್ 1950ರ ದಶಕದಲ್ಲಿ ತೋರಿಸಿದ್ದರು. ಇನ್ನು ಇಷ್ಟಾನಿಷ್ಟದ ಮಾತು ಬೇರೆ ಹೇಳಬೇಕೇ? ಕಾಣಿಕೆಯಾಗಿ ಪುಡಿಯ ಪ್ಯಾಕೆಟ್ ಕೊಡುವುದಿದ್ದರೆ ಮಾತು ಶುರುವಾಗುವ ಮುಂಚೆಯೇ, ಹೆಸರಿಲ್ಲದ ಪೊಟ್ಟಣದಲ್ಲಿ ಕೊಟ್ಟುಬಿಡಬೇಕು.

ಈಗ ಪ್ರಶ್ನೆಗಳು. ಮೊದಲ ಕಾರ್ಡ್ ತೋರಿಸಿ, ಏನು ಮಾರುತ್ತೇವೆ ಎಂದು ಹೇಳದೆಯೇ ಕೇಳಬೇಕಾದದ್ದು ಇಷ್ಟು: ‘ಈ ಹೆಸರಿನವರು ಏನು ಮಾರುತ್ತಿರಬಹುದು?’ ಬೆಂಗಳೂರಿನ ಅಂಗಡಿಗಳಿಗೂ ಹೋಗುವ ಪ್ಯಾಕೆಟ್ ಆದ್ದರಿಂದ ಎಲ್ಲ ಕಾರ್ಡ್‌ಗಳಲ್ಲೂ ಕನ್ನಡದ ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲೂ ಹೆಸರಿದೆ. ‘ಒರಳು’ ಕಾರ್ಡನ್ನು ಮೊದಲು ನೋಡಿದ ನಾಲ್ವರಲ್ಲಿ ಮೂವರು ಮಸಾಲೆ, ಚಟ್ನಿ, ರುಬ್ಬಿದ ಹಿಟ್ಟು ಎನ್ನುತ್ತಾರೆ. ನಾಲ್ಕನೆಯ ಹುಡುಗಿ ಕೆಳಗಿನ Oralu ಎಂಬುದನ್ನು ಓದಿ, ‘ಹಲ್ಲಿನ ಪುಡಿ ಏನ್ರಿ?’ ಎಂದು ಕೇಳುತ್ತಾಳೆ. ಕೇಳುವವರು ಇಲ್ಲಿ ನಕ್ಕು ತಿದ್ದಬಾರದು. ‘ಯಾಕ ಹಂಗ ಅನ್ನಿಸ್ತು?’ ಎಂದಷ್ಟೇ ಕೇಳಿ, ಅವಳ ಮಾತನ್ನು ಅವಳು ಆಡಿದಂತೆಯೇ ಬರೆದುಕೊಳ್ಳಬೇಕು. ‘ಓರಲ್ ಅಂದ್ರ ಬಾಯಿಗೆ ಸಂಬಂಧಪಟ್ಟದ್ದಲ್ಲ?’ ಎಂಬ ಆ ಒಂದು ವಾಕ್ಯ ಇಡೀ ದಿನದ ಗಳಿಕೆ.

ಮುಂದೆ ಮೂರೂ ಕಾರ್ಡ್ ತೋರಿಸಿ ಮುಗಿದ ಮೇಲೆ, ಬೇಕಿದ್ದರೆ ಯಾವುದು ಇಷ್ಟವಾಯಿತು ಎಂದೂ ಕೇಳಬಹುದು. ಆದರೆ ಅದು ಕೊನೆಯ ಪ್ರಶ್ನೆ. ಎರಡು ದಿನ ಬಿಟ್ಟು ಫೋನ್ ಮಾಡಿ, ‘ಮೊನ್ನೆ ನೋಡಿದ ಹೆಸರುಗಳಲ್ಲಿ ಯಾವುದಾದರೂ ನೆನಪಿದೆಯೇ?’ ಎಂದು ಸುಳಿವು ಕೊಡದೆ ಕೇಳಬೇಕು. ನೆನಪಾದ ಹೆಸರನ್ನು ಮೊಬೈಲಿನಲ್ಲಿ ಟೈಪ್ ಮಾಡಿ ಕಳಿಸಿ ಎನ್ನಬೇಕು. ಜನ ಹುಡುಕುವಾಗ ಹೇಗೆ ಬರೆಯುತ್ತಾರೆ ಎಂಬುದು ಅಲ್ಲೇ ಗೊತ್ತಾಗುತ್ತದೆ.

ನಮ್ಮ ಉದಾಹರಣೆಯಲ್ಲಿ ಇಷ್ಟದ ಲೆಕ್ಕ ಹೀಗೆ ಬಂದಿದೆ ಎಂದುಕೊಳ್ಳಿ: ‘ಅವ್ವನ ಕೈರುಚಿ’ಗೆ ಆರು, ‘ಒರಳು’ಗೆ ನಾಲ್ಕು, ‘ಬಿಳಿಜೋಳ’ಕ್ಕೆ ಎರಡು. ನೆನಪಿನ ಲೆಕ್ಕವೇ ಬೇರೆ. ‘ಒರಳು’ ಒಂಬತ್ತು ಜನರಿಗೆ ನೆನಪಿದೆ. ‘ಅವ್ವನ ಕೈರುಚಿ’ಯನ್ನು ಸರಿಯಾಗಿ ಹೇಳಿದವರು ಮೂವರು. ಉಳಿದವರಲ್ಲಿ ಕೆಲವರು ‘ಅಮ್ಮನ ಕೈರುಚಿ’ ಎಂದರು, ಇಬ್ಬರು ‘ಅಜ್ಜಿ ಕೈರುಚಿ’ ಎಂದರು. ಕೇಳಿದ ಕೂಡಲೇ ಹಿತವಾಗುವ ಹೆಸರಿನ ತೊಂದರೆ ಇದು: ಮೊದಲೇ ಎಲ್ಲೋ ಕೇಳಿದಂತಿರುವುದರಿಂದ ಇಷ್ಟವಾಗುತ್ತದೆ, ಅದೇ ಕಾರಣಕ್ಕೆ ಬೇರೆಯವರ ಹೆಸರಿನೊಂದಿಗೆ ಕಲಸಿಹೋಗುತ್ತದೆ. ಅರ್ಥವಿಲ್ಲದ ಪದವನ್ನಾದರೂ ಹೆಚ್ಚು ಸಲ ನೋಡಿದಷ್ಟೂ ಜನ ಅದನ್ನು ಒಳ್ಳೆಯದೆಂದು ಭಾವಿಸುತ್ತಾರೆ ಎಂಬುದನ್ನು ರಾಬರ್ಟ್ ಝಾಯನ್ಸ್ 1968ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ಹಳೆಯ ಲೋಗೋವನ್ನು ಹೊಸದರ ಪಕ್ಕ ಇಟ್ಟು ಖಾಯಂ ಗಿರಾಕಿಗಳನ್ನು ಕೇಳಿದರೆ ಹಳೆಯದಕ್ಕೇ ಅನುಕೂಲ ಎಂಬುದೂ ಇದರಿಂದ ತಿಳಿಯುತ್ತದೆ.

ಆರು-ನಾಲ್ಕು-ಎರಡು ಎಂಬ ಆ ಮತಗಳಿಗೆ ಬೆಲೆಯೆಷ್ಟು? ಎರಡೇ ಹೆಸರುಗಳಿದ್ದು ಫಲಿತಾಂಶ 7-5 ಬಂದರೆ ಬಹಳ ಮಂದಿ ಏಳು ಬಂದದ್ದನ್ನು ಆರಿಸಿಬಿಡುತ್ತಾರೆ. ಆದರೆ ಒಂದು ನಾಣ್ಯವನ್ನು 12 ಬಾರಿ ಚಿಮ್ಮುವ ಆಟವನ್ನು ನೂರು ಸಲ ಆಡಿದರೆ, ಅದರಲ್ಲಿ ಸುಮಾರು 77 ಸಲ 7-5 ಅಥವಾ ಅದಕ್ಕಿಂತ ಹೆಚ್ಚಿನ ಅಂತರ ಬರುತ್ತದೆ. 9-3ರಷ್ಟು ಅಂತರ ಕೂಡ ಸುಮಾರು 15 ಸಲ ಬರುತ್ತದೆ. 10-2 ಬಂದಾಗ ಮಾತ್ರ ಇದು ಬರೀ ಅದೃಷ್ಟವಲ್ಲ ಎಂದು ಸ್ವಲ್ಪ ನಂಬಬಹುದು. ಹಾಗಾಗಿ ಸಣ್ಣ ಗುಂಪಿನಿಂದ ಗೆದ್ದ ಹೆಸರನ್ನು ಹುಡುಕಬಾರದು, ಎಡವಿದ ಹೆಸರನ್ನು ಹುಡುಕಬೇಕು. ಹನ್ನೆರಡರಲ್ಲಿ ಒಬ್ಬಳೇ ಹಲ್ಲಿನ ಪುಡಿ ಎಂದರೂ ಆ ಗೊಂದಲ ನಿಜ, ಅಂಗಡಿಯಲ್ಲೂ ಅದು ಯಾರಿಗಾದರೂ ಆಗಿಯೇ ಆಗುತ್ತದೆ. ಎಷ್ಟು ಜನರಿಗೆ ಆಗುತ್ತದೆ ಎಂಬುದನ್ನು ಮಾತ್ರ 12 ಮಂದಿ ಹೇಳಲಾರರು.

ಸಂಘದವರು ‘ಒರಳು’ ಇಟ್ಟುಕೊಂಡು, ಅದರ ಕೆಳಗೆ ‘ಚಟ್ನಿ ಪುಡಿ’ ಎಂಬುದನ್ನು ಎರಡೂ ಲಿಪಿಗಳಲ್ಲಿ ಎದ್ದು ಕಾಣುವಂತೆ ಸೇರಿಸಿದರು ಎನ್ನೋಣ. ತಿದ್ದಿದ ಮೇಲೆ ಮತ್ತೆ ನಾಲ್ಕೈದು ಜನರಿಗೆ ತೋರಿಸಬೇಕು. ಹಳಬರಿಗೆ ಉತ್ತರ ಗೊತ್ತಿರುವುದರಿಂದ ಹೊಸಬರೇ ಆಗಬೇಕು.

ಲೋಗೋ ಪರೀಕ್ಷೆ ಇದಾದ ಮೇಲೆ. ವಿನ್ಯಾಸಕಾರರು ತಮಗೆ ಮೆಚ್ಚಿಕೆಯಾದ ಲೋಗೋವನ್ನು ಚೆಂದದ ಕೈಚೀಲದ ಮೇಲೆ, ಮಿಕ್ಕವನ್ನು ಬರೀ ಕಾಗದದ ಮೇಲೆ ತೋರಿಸುವುದುಂಟು. ಅದಕ್ಕೆ ಒಪ್ಪಬೇಡಿ. ಎಲ್ಲವೂ ಕಪ್ಪು-ಬಿಳುಪಿನಲ್ಲಿ, ಒಂದೇ ಅಳತೆಯಲ್ಲಿ ಇರಲಿ. ಐದು ಸೆಕೆಂಡ್ ತೋರಿಸಿ, ಮುಚ್ಚಿ, ‘ಏನು ಕಂಡಿರಿ?’ ಎಂದು ಕೇಳಿ. ಒರಳುಕಲ್ಲಿನ ಮೇಲೆ ಗುಂಡು ನಿಂತ ಚಿತ್ರವನ್ನು ನೋಡಿ ಇಬ್ಬರು ‘ಶಿವಲಿಂಗ’ ಎಂದು, ಒಬ್ಬರು ‘ಊದಿನಕಡ್ಡಿ ಕಂಪನಿ ಇರಬೇಕು’ ಎಂದು ಹೇಳಿದರೆ, ಬರೆದವರ ಕಣ್ಣಿಗೆ ಎಂದೂ ಕಾಣದಿದ್ದದ್ದು ಕಾಣಿಸುತ್ತದೆ. ಗುಂಡನ್ನು ಓರೆಯಾಗಿ ಇಟ್ಟು, ಪಕ್ಕದಲ್ಲಿ ನಾಲ್ಕು ಶೇಂಗಾಕಾಯಿ ಬರೆದು ಮತ್ತೆ ತೋರಿಸಬಹುದು.

ಕಡೆಯ ಪರೀಕ್ಷೆಯಲ್ಲಿ ಪ್ರಶ್ನೆಯೇ ಇಲ್ಲ. ಅಮೆರಿಕದ ಟ್ರಾಪಿಕಾನಾ ಕಂಪನಿ 2009ರ ಜನವರಿಯಲ್ಲಿ ಕಿತ್ತಳೆ ರಸದ ಡಬ್ಬಿಯ ಮೇಲಿದ್ದ, ಹುಲ್ಕಡ್ಡಿ ಚುಚ್ಚಿದ ಕಿತ್ತಳೆಹಣ್ಣಿನ ಚಿತ್ರ ತೆಗೆದು ಲೋಟದ ಚಿತ್ರ ಹಾಕಿತು. ಕಪಾಟಿನ ಮುಂದೆ ನಿಂತ ಗಿರಾಕಿಗಳಿಗೆ ತಮ್ಮ ಡಬ್ಬಿ ಯಾವುದೆಂದೇ ಗುರುತು ಹತ್ತಲಿಲ್ಲ. ದೂರುಗಳು ಬಂದವು, ಎರಡು ತಿಂಗಳೊಳಗೆ ಹಳೆಯ ಚಿತ್ರ ಮರಳುತ್ತದೆ ಎಂದು ಕಂಪನಿ ಪ್ರಕಟಿಸಿತು. ಮೇಜಿನ ಮೇಲೆ ಒಂಟಿಯಾಗಿ ಚೆಂದ ಕಾಣುವುದು ಕಪಾಟಿನ ಸಂದಣಿಯಲ್ಲಿ ಕರಗಿಹೋಗಬಹುದು. ಅದಕ್ಕೇ, ಪರಿಚಯದ ಕಿರಾಣಿ ಅಂಗಡಿಯವರನ್ನು ಒಪ್ಪಿಸಿ, ಬೇರೆ ಕಂಪನಿಗಳ ಎಂಟು-ಹತ್ತು ಪುಡಿ ಪ್ಯಾಕೆಟ್‌ಗಳ ನಡುವೆ ‘ಒರಳು’ ಲೇಬಲ್ ಅಂಟಿಸಿದ ಪ್ಯಾಕೆಟ್ ಇಡಿ. ಬಂದವರಿಗೆ ‘ಒರಳು ಚಟ್ನಿ ಪುಡಿ ತೆಗೆದುಕೊಡಿ’ ಎಂದು ಹೇಳಿ, ಆರು ಅಡಿ ದೂರದಿಂದ ಅವರ ಕಣ್ಣು ಎಲ್ಲೆಲ್ಲಿ ಸುತ್ತುತ್ತದೆ, ಕೈ ಎಷ್ಟು ಹೊತ್ತಿಗೆ ಅಲ್ಲಿಗೆ ಹೋಗುತ್ತದೆ ನೋಡಿ. ಪ್ರತಿ ಸಲವೂ ಪ್ಯಾಕೆಟ್ಟಿನ ಜಾಗ ಬದಲಿಸುವುದನ್ನು ಮರೆಯಬೇಡಿ.